ತೆಗೆದ ಕೂಡಲೇ ಬಿಯರ್ ಉಕ್ಕೋದು ಯಾಕೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಆರು ಬಿಯರ್ ತಗೊಂಡು ಬೈಕ್ ಬ್ಯಾಗಲ್ಲಿ ಹಾಕ್ಕೊಂಡು ಆಗುಂಬೆಗೆ ಹೋದ್ವಿ. ಅರ್ಧ ಗಂಟೆ ಫ್ರೀಜರಲ್ಲಿಟ್ಟು ಎರಡು ತೆಗೆದ್ರೆ ಎರಡೂ ಉಕ್ಕಿ ನೆಲ ಪಾಲಾಯ್ತು. ಉಳಿದ ನಾಲ್ಕನ್ನ ರಾತ್ರಿಯಿಡೀ ಫ್ರಿಜ್ಜಲ್ಲಿಟ್ವಿ. ಮಾರನೇ ದಿನ ಮೂರು ಸರಿ ಇತ್ತು, ಒಂದು ಮತ್ತೆ ಉಕ್ತು. ಕುಲುಕಿದ್ದಕ್ಕಾ, ಬಿಸಿಗಾ, ಬಾಟ್ಲೇ ಸರಿ ಇಲ್ವಾ? ಘಟ್ಟದ ಎತ್ತರ ಕಾರಣನಾ?

ಉತ್ತರ: ಎತ್ತರವನ್ನ ಮರೆತುಬಿಡಿ. ಶಿವಮೊಗ್ಗಕ್ಕೂ ಆಗುಂಬೆಗೂ ನೂರು ಮೀಟರ್ ವ್ಯತ್ಯಾಸವೂ ಇಲ್ಲ. ಮೊದಲ ರಾತ್ರಿಯ ಎರಡು ಉಕ್ಕಿದ್ದು ಕುಲುಕಾಟ ಮತ್ತು ಬಿಸಿ ಸೇರಿ. ಮಾರನೇ ದಿನದ್ದಕ್ಕೆ ನನ್ನ ಅನುಮಾನ ಬಾಟ್ಲಿಯ ಮೇಲೆ.

ಸಾಮಾನ್ಯ ಲಾಗರ್ ಬಿಯರಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತೆ. ಮುಚ್ಚಳ ತೆಗೆದ ಮೇಲೆ ಅಷ್ಟನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗಂತ ಗ್ಯಾಸ್ ಒಂದೇ ಸಲ ಹೊರಗೆ ಬರೋದೂ ಇಲ್ಲ, ಯಾಕಂದ್ರೆ ಏನೂ ಇಲ್ಲದ ಜಾಗದಲ್ಲಿ ಹೊಸ ಗುಳ್ಳೆ ಹುಟ್ಟೋದು ಬಹಳ ಕಷ್ಟ. ಮೊದಲೇ ಒಂದು ಚೂರು ಗಾಳಿ ಎಲ್ಲಾದ್ರೂ ಸಿಕ್ಕಿಕೊಂಡಿದ್ರೆ ಗ್ಯಾಸ್ ಅದರೊಳಗೆ ನುಗ್ಗಿ ಅದನ್ನ ದೊಡ್ಡದು ಮಾಡುತ್ತೆ. ಗ್ಲಾಸಿಗೆ ಬಿಯರ್ ಹಾಕಿ ನೋಡಿ: ಗೋಡೆಯ ಒಂದೇ ಚುಕ್ಕೆಯಿಂದ ದಾರ ಎಳೆದ ಹಾಗೆ ಗುಳ್ಳೆಗಳು ಮೇಲೇರ್ತಾ ಇರ್ತವೆ. ಅಲ್ಲಿ ಬಟ್ಟೆಯ ಎಳೆಯೋ ಧೂಳಿನ ಕಣವೋ ಅಂಟಿಕೊಂಡಿರುತ್ತೆ.

ಕುಲುಕಿದ್ರೆ ಒಳಗಿನ ಒತ್ತಡ ಏರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಆಗೋದೇನಂದ್ರೆ ಕತ್ತಿನ ಖಾಲಿ ಜಾಗದಲ್ಲಿದ್ದ ಗ್ಯಾಸ್ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳಾಗಿ ಬಿಯರ್ ತುಂಬಾ ಹರಡಿಕೊಳ್ಳುತ್ತೆ. ಮುಚ್ಚಳ ತೆಗೆದಾಗ ತಳದಲ್ಲಿರೋ ಗುಳ್ಳೆಗಳೂ ಒಟ್ಟಿಗೆ ಉಬ್ಬಿ ಮೇಲಿನ ಬಿಯರನ್ನ ತಳ್ಳಿಕೊಂಡು ಬರ್ತವೆ. ಕತ್ತು ಕಿರಿದು, ಹೋಗೋ ದಾರಿ ಒಂದೇ. ಸೋಡಾದ ನೊರೆ ಥಟ್ಟನೆ ಒಡೆದುಹೋಗುತ್ತೆ, ಬಿಯರಿನದು ಬಾರ್ಲಿಯ ಪ್ರೋಟೀನ್‌ನಿಂದ ಗಟ್ಟಿಯಾಗಿ ನಿಲ್ಲುತ್ತೆ. ಹಾಲು ಉಕ್ಕಿದ ಹಾಗೆ ಕಾಣೋದು ಅದಕ್ಕೇ.

ಇನ್ನು ಬಿಸಿ. ತೆರೆದ ಬಾಟ್ಲಲ್ಲಿ 5 ಡಿಗ್ರಿಯ ಬಿಯರ್ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಗ್ಯಾಸನ್ನ ಉಳಿಸಿಕೊಳ್ಳಬಲ್ಲದು, 30 ಡಿಗ್ರಿಯದು ಒಂದು ಗ್ರಾಂ ಚಿಲ್ಲರೆ ಅಷ್ಟೆ. ಅಂದ್ರೆ ಬಿಸಿ ಬಾಟ್ಲಿಂದ ಹೊರಬರೋಕೆ ಕಾಯ್ತಿರೋ ಗ್ಯಾಸ್ ಸುಮಾರು ಒಂದೂವರೆ ಪಟ್ಟು. ಮುಚ್ಚಿದ ಬಾಟ್ಲೊಳಗಿನ ಒತ್ತಡವೂ ತಂಪಿಗಿಂತ ಎರಡು ಮೂರು ಪಟ್ಟು ಇರುತ್ತೆ. ಅರ್ಧ ಗಂಟೆ ಫ್ರೀಜರಲ್ಲಿಟ್ರೆ ಗಾಜು ಕೈಗೆ ತಣ್ಣಗೆ ಹತ್ತುತ್ತೆ, ಆದ್ರೆ 650 ಎಂಎಲ್ ಬಾಟ್ಲಿನ ನಡುವಿನ ಬಿಯರ್ ಇನ್ನೂ ಬೆಚ್ಚಗೇ ಇರುತ್ತೆ. ನೀವು ಮೋಸಹೋಗಿದ್ದು ಇಲ್ಲೇ. ಅವಸರವಿದ್ರೆ ಫ್ರೀಜರ್ ಬೇಡ, ಬಕೆಟ್ಟಲ್ಲಿ ಐಸ್ ಮತ್ತು ನೀರು ಹಾಕಿ ಬಾಟ್ಲನ್ನ ಕತ್ತಿನವರೆಗೆ ಮುಳುಗಿಸಿ, ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ಬರೀ ಐಸಿಗಿಂತ ನೀರು ಸೇರಿದ್ರೆ ಗಾಜಿಗೆ ಎಲ್ಲ ಕಡೆಯಿಂದ ತಂಪು ತಾಗುತ್ತೆ. ಅಷ್ಟರಲ್ಲಿ ಗುಳ್ಳೆಗಳೂ ಮೇಲೇರಿ ಮುಗಿದಿರ್ತವೆ. ತೆಗೆಯುವಾಗ ಓಪನರಿಂದ ಮುಚ್ಚಳದ ಒಂದು ಅಂಚನ್ನ ಕೂದಲೆಳೆಯಷ್ಟು ಎತ್ತಿ. ಸುಯ್ ಅಂತ ಗ್ಯಾಸ್ ಬರುತ್ತೆ, ನೊರೆ ಕತ್ತಿಗೆ ಏರಿದ್ರೆ ಕೈ ತಡೆದು, ಇಳಿದ ಮೇಲೆ ಪೂರ್ತಿ ತೆಗೆಯಿರಿ. ಬೆರಳಲ್ಲಿ ಟಕಟಕ ಬಡಿಯೋದರಿಂದ ಪ್ರಯೋಜನವಿಲ್ಲ. ಡೆನ್ಮಾರ್ಕಲ್ಲಿ ಸಾವಿರ ಕ್ಯಾನ್ ತೆಗೆದು ಅಳೆದು ನೋಡಿದ್ದಾರೆ, ಬಡಿದದ್ದಕ್ಕೂ ಬಡಿಯದ್ದಕ್ಕೂ ವ್ಯತ್ಯಾಸ ಸಿಗಲಿಲ್ಲ.

ಈಗ ಆ ಹಠಮಾರಿ ಬಾಟ್ಲು. ನಮ್ಮಲ್ಲಿ ಗಾಜಿನ ಬಾಟ್ಲು ಗುಜರಿಯಿಂದ ವಾಪಸ್ ಹೋಗಿ, ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆಸಿಕೊಂಡು ಮತ್ತೆ ತುಂಬಿ ಬರೋದು ಮಾಮೂಲು. ಒಳಗೋಡೆ ತರಿತರಿಯಾಗಿದ್ರೆ, ಗೀರಿದ್ರೆ, ತೊಳೆದರೂ ಹೋಗದ ಕಲೆ ಉಳಿದಿದ್ರೆ ಅಲ್ಲೆಲ್ಲ ಗಾಳಿ ಸಿಕ್ಕಿಕೊಳ್ಳುತ್ತೆ. ಅದು ರಾತ್ರಿಯಿಡೀ ನಿಂತರೂ ಮೇಲೇರಿ ಹೋಗಲ್ಲ. ಬಾಟ್ಲು ಇನ್ನೂ ಇದ್ರೆ ತೊಳೆದು ಬೆಳಕಿಗೆ ಹಿಡಿಯಿರಿ, ಬಿಳಿ ಮಬ್ಬೋ ಹಕ್ಕಳೆಯೋ ಕಾಣುತ್ತಾ ನೋಡಿ. ಆಮೇಲೆ ತಣ್ಣನೆ ಸೋಡಾವನ್ನ ಗೋಡೆಗುಂಟ ನಿಧಾನ ಸುರಿಯಿರಿ, ಚೆಲ್ಲಿ ಇನ್ನೊಮ್ಮೆ ಸುರಿಯಿರಿ. ಎರಡು ಸಲವೂ ಅದೇ ಜಾಗದಿಂದ ಗುಳ್ಳೆಯ ಸಾಲು ಎದ್ರೆ ಕಳ್ಳ ಸಿಕ್ಕ ಹಾಗೇ. ಮುಚ್ಚಳ ಸಡಿಲವಿತ್ತಾ ಅಂತ ಹುಡುಕಬೇಡಿ, ಸಡಿಲವಿದ್ರೆ ಗ್ಯಾಸ್ ಸೋರಿ ಬಿಯರ್ ಸಪ್ಪೆಯಾಗುತ್ತೆ, ಉಕ್ಕಲ್ಲ.

ನಾಲ್ಕೂ ತಂಪಲ್ಲಿ ನಿಂತ ಮೇಲೂ ಉಕ್ಕಿದ್ದಿದ್ರೆ ನಾನು ಬಾಟ್ಲನ್ನಲ್ಲ, ಬಿಯರನ್ನೇ ಅನುಮಾನಿಸ್ತಿದ್ದೆ. ಬಾರ್ಲಿಗೆ ಫ್ಯುಸೇರಿಯಂ ಅನ್ನೋ ಬೂಸ್ಟು ಹತ್ತಿದ್ರೆ ಅದರ ಒಂದು ಪ್ರೋಟೀನ್ ಬಿಯರಿನವರೆಗೂ ಬಂದು ಸಣ್ಣ ಗುಳ್ಳೆಗಳನ್ನ ಕರಗದ ಹಾಗೆ ಹಿಡಿದಿಡುತ್ತೆ. ಅಂಥದ್ದಾದ್ರೆ ಲೇಬಲ್ಲಿನ ಬ್ಯಾಚ್ ನಂಬರ್ ಫೋಟೋ ತೆಗೆದುಕೊಂಡು, ತೆಗೆಯದ ಬಾಟ್ಲಿದ್ರೆ ಅದನ್ನೂ ಒಯ್ದು ಅಂಗಡಿಯವರಿಗೆ ತೋರಿಸಿ.