ಹೈ ಗ್ರೇಡ್ ಲಿಂಫೋಮಾ: ವೇಗವಾಗಿ ಬೆಳೆದರೂ ಗುಣವಾಗುವುದು ಹೇಗೆ?

ಓದುಗರ ಪತ್ರ: "ಅಪ್ಪನಿಗೆ 58 ವರ್ಷ. ಕತ್ತಿನ ಗಂಟು ಎರಡೇ ತಿಂಗಳಲ್ಲಿ ಎದ್ದು ಕಾಣುವಷ್ಟು ಬೆಳೆಯಿತು. ಬಯಾಪ್ಸಿಯಲ್ಲಿ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ, ಹೈ ಗ್ರೇಡ್, ಕೆಐ-67 80% ಅಂತ ಬಂದಿದೆ. ಸ್ಟೇಜ್ 3, ಎಲ್‌ಡಿಎಚ್ ಜಾಸ್ತಿ. ಆದರೂ ಮೈಸೂರಿನ ಡಾಕ್ಟರು ಗುಣ ಮಾಡಬಹುದು ಅಂತಾರೆ. ನಮ್ಮ ಪಕ್ಕದ ಮನೆಯವರದು ಫಾಲಿಕ್ಯುಲರ್, ಲೋ ಗ್ರೇಡ್. ಅವರಿಗೆ ಔಷಧಿಯೇ ಕೊಟ್ಟಿಲ್ಲ, ಆದರೆ ಪೂರ್ತಿ ಹೋಗಲ್ಲ ಅಂದಿದ್ದಾರಂತೆ. ಇದೇನು ಉಲ್ಟಾ? ಅಪ್ಪ ಕಬ್ಬು ಕಟಾವು ಮುಗಿಸಿಕೊಂಡು ಬರ್ತೀನಿ ಅಂತಿದ್ದಾರೆ." (ಓದುಗರು, ಮದ್ದೂರು ತಾಲ್ಲೂಕು)

ಸಂಪಾದಕರ ಉತ್ತರ:

ಮೊದಲು ಕಬ್ಬಿನ ಮಾತು ಮುಗಿಸಿಬಿಡೋಣ. ಕಟಾವನ್ನು ಬೇರೆ ಯಾರಿಗಾದರೂ ಒಪ್ಪಿಸಿ, ತಂದೆಯವರನ್ನು ಈ ವಾರವೇ ಕರೆದುಕೊಂಡು ಹೋಗಿ. ಪಕ್ಕದ ಮನೆಯವರು ವರ್ಷಗಟ್ಟಲೆ ಸುಮ್ನೆ ಕಾಯಬಹುದು, ಇವರು ಕಾಯುವಂತಿಲ್ಲ.

ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳಲ್ಲಿ ಹುಟ್ಟಿ, ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ಗಂಟಾಗಿ ಕಾಣುವ ಕ್ಯಾನ್ಸರ್. ಇದರಲ್ಲಿ ಗ್ರೇಡ್, ಸ್ಟೇಜ್ ಎರಡೂ ಒಂದೇ ಅಲ್ಲ. ಕಾಯಿಲೆ ಎಲ್ಲೆಲ್ಲಿ ಹರಡಿದೆ ಅನ್ನುವುದು ಸ್ಟೇಜ್. ಎದೆ, ಹೊಟ್ಟೆಗಳ ನಡುವಿನ ಪರದೆಯಾದ ವಪೆಯ ಮೇಲೂ ಕೆಳಗೂ ಗಂಟುಗಳಿದ್ದರೆ ಸ್ಟೇಜ್ 3. ಜೀವಕೋಶಗಳ ಸ್ವಭಾವ ಎಂಥದ್ದು ಅನ್ನುವುದು ಗ್ರೇಡ್. ಫಾಲಿಕ್ಯುಲರ್ ಲಿಂಫೋಮಾದಲ್ಲಿ ದೊಡ್ಡ ಜೀವಕೋಶಗಳು ಎಷ್ಟಿವೆ ಎಂದು ಮೈಕ್ರೋಸ್ಕೋಪಿನಲ್ಲಿ ಎಣಿಸಿ 1, 2, 3 ಎಂದು ಅಂಕಿ ಕೊಡುವ ಪದ್ಧತಿ ಇದೆ. ನಿಮ್ಮ ತಂದೆಯವರ ಕಾಯಿಲೆಗೆ ಹಾಗೆ ಅಂಕಿ ಇಲ್ಲ. ದೊಡ್ಡ ಜೀವಕೋಶಗಳು ಗಂಟಿನ ಮೂಲ ರಚನೆಯನ್ನೇ ಅಳಿಸಿ ಉದ್ದಕ್ಕೂ ತುಂಬಿಕೊಂಡಿರುತ್ತವೆ. ಹಾಗಿದ್ದ ಮೇಲೆ ಅದು ವೇಗದ ಕಾಯಿಲೆ ಎಂದೇ ಲೆಕ್ಕ. ಕೆಐ-67 80% ಅಂದರೆ ನೂರು ಜೀವಕೋಶಗಳಲ್ಲಿ ಸುಮಾರು 80 ವಿಭಜನೆಯ ಹಾದಿಯಲ್ಲಿವೆ ಎಂದರ್ಥ. ಕ್ಯಾನ್ಸರ್ 80% ಹರಡಿದೆ ಎಂದಲ್ಲ. ಹಾಗೆಂದುಕೊಂಡು ಹೆದರುವವರು ಬಹಳ ಜನ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದು ಆರ್-ಚಾಪ್ ಎಂಬ ಐದು ಔಷಧಿಗಳ ಜೋಡಣೆ, 21 ದಿನಕ್ಕೊಮ್ಮೆ, ಹೆಚ್ಚಾಗಿ ಆರು ಸಲ. ಅದರಲ್ಲಿರುವ ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ. ಆ ಕೆಟ್ಟ ಡಿಎನ್‌ಎಯನ್ನು ನಕಲು ಮಾಡಲು ಹೋದಾಗಲೇ ಜೀವಕೋಶ ಸಾಯುವುದು ಜಾಸ್ತಿ. ವಿನ್‌ಕ್ರಿಸ್ಟಿನ್ ಒಂದು ಜೀವಕೋಶ ಎರಡಾಗುವ ಗಳಿಗೆಯಲ್ಲೇ ಅದನ್ನು ತಡೆದು ನಿಲ್ಲಿಸುತ್ತದೆ. ಅಂದರೆ ಬಿಡುವಿಲ್ಲದೆ ವಿಭಜನೆಯಾಗುವ ಜೀವಕೋಶಕ್ಕೇ ಪೆಟ್ಟು ಹೆಚ್ಚು. ಫಾಲಿಕ್ಯುಲರ್‌ನಲ್ಲಿ ಬಹಳಷ್ಟು ಜೀವಕೋಶಗಳು ವಿಭಜನೆಗೆ ಹೋಗದೆ ಸುಮ್ಮನಿರುತ್ತವೆ, ಸಾಯದಂತೆ ಕಾಯುವ ಬಿಸಿಎಲ್-2 ಎಂಬ ಪ್ರೋಟೀನೂ ಅವುಗಳಲ್ಲಿ ಜಾಸ್ತಿ. ಗದ್ದೆಗೆ ಕಳೆನಾಶಕ ಹೊಡೆದಾಗ ಮೇಲಿನ ಜೇಕು ಒಣಗಿ, ಮಣ್ಣೊಳಗಿನ ಗಡ್ಡೆ ಮತ್ತೆ ಮೊಳೆಯುತ್ತದಲ್ವಾ, ಹಾಗೆ ಅದು ವರ್ಷಗಳ ನಂತರವೂ ಮರಳಬಹುದು.

ಕೂದಲ ಬೇರು, ಮೂಳೆಯ ಮಜ್ಜೆಯ ಜೀವಕೋಶಗಳೂ ಬೇಗ ಬೇಗ ವಿಭಜನೆಯಾಗುವಂಥವೇ. ಅದಕ್ಕೇ ಕೂದಲು ಉದುರುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ಮಜ್ಜೆ ಚೇತರಿಸಿಕೊಳ್ಳಲಿ ಎಂದೇ 21 ದಿನದ ಅಂತರ. ಔಷಧಿ ಕೊಟ್ಟ ಎರಡನೇ ವಾರದಲ್ಲಿ ಬಿಳಿ ಕಣ ತೀರಾ ಕಡಿಮೆ ಇರುತ್ತದೆ. ಆಗ ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಸುಸ್ತು ಅಂತ ನೀವಾಗಿಯೇ ಮುಂದಿನ ಸರದಿಯನ್ನು ಮುಂದೂಡಬೇಡಿ. ಉಳಿದ ಕ್ಯಾನ್ಸರ್ ಜೀವಕೋಶಗಳಿಗೆ ಬೆಳೆಯಲು ಅವಕಾಶ ಸಿಕ್ಕಿಬಿಡುತ್ತದೆ.

ಐದರಲ್ಲಿ ಉಳಿದ ಎರಡು ಪ್ರೆಡ್ನಿಸೊಲೋನ್ ಮಾತ್ರೆ ಮತ್ತು ರಿಟುಕ್ಸಿಮ್ಯಾಬ್. ರಿಟುಕ್ಸಿಮ್ಯಾಬ್ ಈ ಕಾಯಿಲೆ ಹುಟ್ಟುವ ಬಿ ಜೀವಕೋಶದ ಮೇಲಿರುವ ಸಿಡಿ-20 ಎಂಬ ಗುರುತನ್ನು ಹಿಡಿದುಕೊಂಡು ಕೆಲಸ ಮಾಡುತ್ತದೆ. ಹಳೆಯ ಚಾಪ್‌ಗೆ ಇದು ಸೇರಿದ ಮೇಲೆ ಗುಣವಾಗುವವರ ಪಾಲು ಹೆಚ್ಚಿತು. ಈಗ ಸುಮಾರು ಹತ್ತರಲ್ಲಿ ಆರು ಜನ ಇದರಿಂದ ಗುಣವಾಗುತ್ತಾರೆ. ಇದನ್ನು ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಒಳಗೆ ಅಡಗಿದ ವೈರಸ್ ಕೆರಳಿದರೆ ಲಿವರ್‌ಗೆ ಅಪಾಯ. ಡಾಕ್ಸೊರುಬಿಸಿನ್‌ಗೆ ಮೊದಲು ಹೃದಯದ ಎಕೋ ಮಾಡಿಸುತ್ತಾರೆ.

ವೇಗವೇ ವರ ಎಂದುಕೊಳ್ಳಬೇಡಿ. ಎಂವೈಸಿ, ಬಿಸಿಎಲ್-2 ಎರಡೂ ಜೀನ್‌ಗಳು ಜಾಗ ಬದಲಿಸಿಕೊಂಡಿದ್ದರೆ ಅದು ಡಬಲ್ ಹಿಟ್. ಅದರ ವೇಗ ಇನ್ನೂ ಜಾಸ್ತಿ, ಆದರೆ ಆರ್-ಚಾಪ್‌ಗೆ ಅಷ್ಟು ಬಗ್ಗುವುದಿಲ್ಲ. ಅದಕ್ಕೆ ಇನ್ನೂ ಬಲವಾದ ಚಿಕಿತ್ಸೆಯನ್ನು ಯೋಚಿಸುತ್ತಾರೆ. ಕೆಐ-67 ನೋಡಿ ಇದನ್ನು ಹೇಳಲಾಗದು. ಬಯಾಪ್ಸಿ ತುಂಡಿನ ಮೇಲೆ ಫಿಶ್ ಎಂಬ ಪರೀಕ್ಷೆ ಬೇಕು. "ಫಿಶ್ ಕಳಿಸಿದ್ದೀರಾ?" ಅಂತ ಡಾಕ್ಟರನ್ನು ಕೇಳಿ, ತಪ್ಪೇನಿಲ್ಲ.

ಚಿಕಿತ್ಸೆಯ ಫಲ ಹೇಗಿರಬಹುದು ಎಂದು ಅಂದಾಜಿಸಲು ಡಾಕ್ಟರು ಐದು ಅಂಕಗಳ ಐಪಿಐ ಲೆಕ್ಕವನ್ನೂ ಹಾಕಿರುತ್ತಾರೆ. ಸ್ಟೇಜ್ 3ಕ್ಕೆ ಒಂದು, ರಕ್ತದಲ್ಲಿ ಏರಿದ ಎಲ್‌ಡಿಎಚ್ ಎಂಬ ಕಿಣ್ವಕ್ಕೆ ಒಂದು. ವಯಸ್ಸು 60 ದಾಟಿಲ್ಲ, ಅದಕ್ಕೆ ಸೊನ್ನೆ. ತಂದೆಯವರು ತಮ್ಮ ಕೆಲಸ ತಾವೇ ಮಾಡಿಕೊಂಡು ಓಡಾಡುತ್ತಿದ್ದರೆ ಅದಕ್ಕೂ ಸೊನ್ನೆ. ಗಂಟುಗಳ ಹೊರಗೆ ಒಂದಕ್ಕಿಂತ ಹೆಚ್ಚು ಅಂಗಕ್ಕೆ ಹರಡಿರದಿದ್ದರೆ ಮತ್ತೂ ಸೊನ್ನೆ. ಹಾಗಾದರೆ ಒಟ್ಟು ಎರಡು. ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು.

ಚಿಕಿತ್ಸೆ ಮುಗಿದ ಮೇಲೆ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಗಂಟು ಚೂರು ಉಳಿದಿದ್ದರೂ ಅದು ಹೊಳೆಯದಿದ್ದರೆ ಸಾಮಾನ್ಯವಾಗಿ ಬರೀ ಕಲೆ ಅಷ್ಟೇ. ಈ ಕಾಯಿಲೆ ಮರಳಿದರೆ ಹೆಚ್ಚಿನವರಲ್ಲಿ ಮೊದಲ ಎರಡು ವರ್ಷದೊಳಗೇ ಮರಳುತ್ತದೆ. ಆ ಎರಡು ವರ್ಷ ತಪಾಸಣೆ ತಪ್ಪಿಸಬೇಡಿ. ನಡುವೆ ಹೊಸ ಗಂಟು, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ ತೋರಿಸಿ.