ಗಂಗಾ ಬಯಲಿನ ಕಾಡು ಕಡಿದದ್ದು ಕಬ್ಬಿಣದ ಕೊಡಲಿಯೇ?

ಪ್ರಶ್ನೆ: ಕಬ್ಬಿಣದ ಕೊಡಲಿ ಬಂದ ಮೇಲೆ ಗಂಗಾ ನದಿಯ ಬಯಲಲ್ಲಿ ಕಾಡು ಕಡಿದರು, ಕಬ್ಬಿಣದ ನೇಗಿಲಿನಿಂದ ಉತ್ತರು, ಅದರಿಂದಲೇ ಮಗಧದಂಥ ರಾಜ್ಯಗಳು ಹುಟ್ಟಿದವು ಅಂತ ಶಾಲೆಯಲ್ಲಿ ಓದಿದ್ದೆ. ಇದು ನಿಜವೇ? ಮೊದಲು ಬಂದದ್ದು ಆಯುಧವೋ, ನೇಗಿಲೋ?

ಉತ್ತರ: ಮೊದಲು ಬಂದದ್ದು ಆಯುಧ. ಕಬ್ಬಿಣದ ನೇಗಿಲು ಎಷ್ಟೋ ತಲೆಮಾರು ತಡವಾಗಿ ಬಂತು. ಕೊಡಲಿಯ ಕತೆ ಅರ್ಧ ಮಾತ್ರ ನಿಜ.

ನೀವು ಓದಿದ್ದು ಇತಿಹಾಸಕಾರರಾದ ಡಿ.ಡಿ. ಕೋಸಾಂಬಿ, ಆರ್.ಎಸ್. ಶರ್ಮಾ ಅವರ ವಾದ. ಅದನ್ನು ಮಣ್ಣಲ್ಲಿ ಸಿಕ್ಕ ವಸ್ತುಗಳ ಜೊತೆ ಇಟ್ಟು ನೋಡೋಣ. ಉತ್ತರ ಪ್ರದೇಶದ ಏಟಾ ಜಿಲ್ಲೆಯಲ್ಲಿ ಅತ್ರಂಜಿಖೇಡಾ ಅಂತ ಒಂದು ದಿಬ್ಬ ಇದೆ. ಅಲ್ಲಿ ಬೂದು ಬಣ್ಣದ ಚಿತ್ರಿತ ಮಡಕೆಗಳ ಕಾಲದ ಪದರದಲ್ಲಿ, ಅಂದರೆ ಸುಮಾರು ಕ್ರಿ.ಪೂ. 1000ದಿಂದ 600ರ ನಡುವೆ, ನೂರಕ್ಕೂ ಜಾಸ್ತಿ ಕಬ್ಬಿಣದ ವಸ್ತು ಸಿಕ್ಕಿವೆ. ಎದ್ದು ಕಾಣುವುದು ಬಾಣದ ಮೊನೆ, ಈಟಿಯ ಮೊನೆಗಳು. ಮೊಳೆ, ಕೊಂಡಿ, ಉಳಿಗಳೂ ಇವೆ. ಕೊಡಲಿ ತೀರಾ ಅಪರೂಪ. ಅದೇ ಜಿಲ್ಲೆಯ ಜಖೇಡಾದಲ್ಲಿ ಕುಡುಗೋಲು, ನೇಗಿಲಿನ ಗುಳ ಸಿಕ್ಕಿವೆ, ಆದರೆ ಅವು ಈ ಕಾಲದ ಕೊನೆಯ ಹಂತದವು.

ಯಾಕೆ ಹೀಗೆ? ನನ್ನ ಮಟ್ಟಿಗೆ ಇದು ಮುಖ್ಯವಾಗಿ ತೂಕದ ಲೆಕ್ಕ. ಕಬ್ಬಿಣ ಕರಗಬೇಕಾದರೆ 1,538 ಡಿಗ್ರಿ ಶಾಖ ಬೇಕು. ಆಗಿನ ಮಣ್ಣಿನ ಕುಲುಮೆಯಲ್ಲಿ ತಿದಿ ಒತ್ತಿ ಒತ್ತಿ ಸುಮಾರು 1,200 ಡಿಗ್ರಿ ಬರಿಸುತ್ತಿದ್ದರು. ಅಷ್ಟರಲ್ಲಿ ಕರಗಿ ಹರಿಯುವುದು ಕಿಟ್ಟ ಮಾತ್ರ. ಕಬ್ಬಿಣ ಕರಗದೆ, ಜೇನುಗೂಡಿನ ಹಾಗೆ ತೂತುತೂತಾದ ಮುದ್ದೆಯಾಗಿ ತಳದಲ್ಲಿ ಉಳಿಯುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು ಒಳಗಿನ ಕಿಟ್ಟ ಹೊರಹಾಕಬೇಕು, ಪ್ರತಿ ಸಲ ಒಂದಷ್ಟು ಲೋಹವೂ ಉದುರಿ ಹೋಗುತ್ತದೆ. ಇಷ್ಟು ಪಾಡು ಪಟ್ಟು ಕೈಗೆ ಬರುವುದು ಸ್ವಲ್ಪವೇ. ಬಾಣದ ಮೊನೆಗೆ ಕೆಲವು ಗ್ರಾಂ ಸಾಕು. ಗುಳಕ್ಕೆ ಒಂದೇ ದಪ್ಪ ತುಂಡು ಬೇಕು, ಅದೂ ಕಲ್ಲಿಗೆ ಬೇರಿಗೆ ತಾಗಿದರೂ ಮುರಿಯಬಾರದು.

ಯುದ್ಧದಲ್ಲಿ ಆದ ಬದಲಾವಣೆಯೂ ಇಲ್ಲೇ ಇದೆ. ಹೊಸ ಕಬ್ಬಿಣ ಕಂಚಿಗಿಂತ ಗಟ್ಟಿ ಏನಲ್ಲ, ಇದ್ದಿಲ ಬೆಂಕಿಯಲ್ಲಿ ಇಂಗಾಲ ಸೇರಿ ಉಕ್ಕಾಗುವವರೆಗೆ ಅದು ಮೆತ್ತಗೇ. ಆದರೆ ಕಂಚಿಗೆ ಬೇಕಾದ ತವರ ಬಲು ಅಪರೂಪ, ಕಬ್ಬಿಣದ ಅದಿರು ಎಷ್ಟೋ ಕಡೆ ಸಿಗುತ್ತದೆ. ಬಿಟ್ಟ ಬಾಣ ವಾಪಸ್ ಬರುವುದಿಲ್ಲ, ಅಲ್ವಾ? ಕಳೆದುಕೊಂಡರೂ ಪರವಾಗಿಲ್ಲ ಅನ್ನುವಷ್ಟು ಲೋಹ ಇದ್ದಾಗ ಸಾಮಾನ್ಯ ಕಾಲಾಳಿಗೂ ಆಯುಧ ಕೊಡಬಹುದು.

ಇನ್ನು ಕಾಡು. ಬಿಹಾರದ ಚಿರಾಂದ್‌ನಲ್ಲಿ ಗಂಗೆಯ ದಡದಲ್ಲೇ, ಕಬ್ಬಿಣ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಭತ್ತ ಬೆಳೆಯುತ್ತಿದ್ದರು. ಅವರ ಹತ್ತಿರ ಇದ್ದದ್ದು ಕಲ್ಲು, ಮೂಳೆಯ ಉಪಕರಣ. ಕಲ್ಲಿನ ಕೊಡಲಿಯನ್ನು ಸುಮ್ನೆ ಕೀಳಾಗಿ ನೋಡಬೇಡಿ. 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹಳೆಯ ಕಲ್ಲಿನ ಕೊಡಲಿಗಳಿಗೇ ಹಿಡಿ ಹಾಕಿ ಕಾಡು ಕಡಿದು ನೋಡಿದರು. ಒಂದಡಿ ದಪ್ಪದ ಮರ ಅರ್ಧ ಗಂಟೆಯೊಳಗೆ ಬಿತ್ತು. ತೊಗಟೆ ಸುತ್ತಲೂ ಕೆತ್ತಿ ಬಿಟ್ಟರೆ ದೊಡ್ಡ ಮರವೂ ನಿಂತಲ್ಲೇ ಒಣಗುತ್ತದೆ, ಆಮೇಲೆ ಬೆಂಕಿ. ವೇದಕಾಲದ ಗ್ರಂಥ ಶತಪಥ ಬ್ರಾಹ್ಮಣದಲ್ಲಿ ವಿದೇಘ ಮಾಥವ ಅನ್ನುವ ರಾಜನ ಕತೆ ಬರುತ್ತದೆ: ಸರಸ್ವತಿಯ ದಡದಿಂದ ಅಗ್ನಿ ನೆಲ ಸುಡುತ್ತಾ ಪೂರ್ವಕ್ಕೆ ಹೋಗಿ ಸದಾನೀರಾ ನದಿಯ ಹತ್ತಿರ ನಿಲ್ಲುತ್ತಾನೆ. ಕತೆಯನ್ನು ಚರಿತ್ರೆ ಅಂತ ಓದಬೇಕಿಲ್ಲ. ಆದರೂ ಪೂರ್ವಕ್ಕೆ ದಾರಿ ಮಾಡಿದ್ದು ಕೊಡಲಿ ಅಂತ ಅದು ಹೇಳುವುದಿಲ್ಲ, ಬೆಂಕಿ ಅನ್ನುತ್ತದೆ. ಬಯಲಿನ ದಟ್ಟ ಕಾಡು ಎಷ್ಟೋ ಕಡೆ ಬಹಳ ಕಾಲ ಉಳಿದಿತ್ತು ಅಂತ ಪುರಾತತ್ವಜ್ಞ ಮಖ್ಖನ್ ಲಾಲ್ ವಾದಿಸಿದ್ದೂ ಇದಕ್ಕೇ ಸೇರುತ್ತದೆ.

ಕಬ್ಬಿಣದ ನಿಜವಾದ ಉಪಯೋಗ ಮರ ಬಿದ್ದ ಮೇಲೆ. ಬುಡ ಅಗೆಯಲು, ಬೇರು ಕಡಿಯಲು, ಒಣಗಿ ಗಟ್ಟಿಯಾದ ಜೇಡಿಮಣ್ಣು ಸೀಳಲು. ನದಿ ತಂದು ಹಾಕಿದ ಮೆತ್ತನೆ ಮಣ್ಣಿಗೆ ಮರದ ನೇಗಿಲೇ ಸಾಕಿತ್ತು. ಬುದ್ಧನ ಕಾಲಕ್ಕೆ ಗುಳ ಮನೆಮಾತಾಗಿತ್ತು: ಬೌದ್ಧ ಗ್ರಂಥ ಸುತ್ತನಿಪಾತದಲ್ಲಿ ಬೇಸಾಯಗಾರ ಬ್ರಾಹ್ಮಣನೊಬ್ಬನ ಪ್ರಸಂಗವಿದೆ, ಅಲ್ಲಿ ಪಾಯಸವನ್ನು ನೀರಿಗೆ ಸುರಿದಾಗ ದಿನವಿಡೀ ಕಾಯಿಸಿದ ಗುಳವನ್ನು ನೀರಿಗೆ ಹಾಕಿದಂತೆ ಚುಂಯ್ ಎಂದು ಸದ್ದಾಯಿತಂತೆ. ಕೇಳುವವರಿಗೆ ಕುಲುಮೆಯ ಆ ಸದ್ದು ಗೊತ್ತಿಲ್ಲದಿದ್ದರೆ ಈ ಹೋಲಿಕೆ ಕೊಡುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಸಿಕ್ಕಿದ್ದನ್ನು ಎಣಿಸಿ ತೀರ್ಪು ಕೊಟ್ಟರೆ ಮೋಸ ಹೋಗುತ್ತೇವೆ. ಸವೆದ ಗುಳವನ್ನು ಯಾರೂ ಬಿಸಾಡುವುದಿಲ್ಲ, ಕಮ್ಮಾರನ ಹತ್ತಿರ ಬಡಿಸಿ ಮತ್ತೆ ಚೂಪು ಮಾಡಿಸುತ್ತಾರೆ, ಕೊನೆಗೆ ಅದೇ ಕುಡುಗೋಲೋ ಮೊಳೆಯೋ ಆಗುತ್ತದೆ. ಬಾಣ ಮಾತ್ರ ಬಿದ್ದಲ್ಲೇ ಉಳಿಯುತ್ತದೆ. ನಮ್ಮಲ್ಲೂ ಇದೇ ತೊಡಕಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸುಮಾರು ಕ್ರಿ.ಪೂ. 1000ದ ಹೊತ್ತಿನ ಕಬ್ಬಿಣ ಸಿಕ್ಕಿದೆ, ಅಲ್ಲೂ ಬಾಣದ ಮೊನೆಗಳಿವೆ. ದಕ್ಷಿಣದ ಬೃಹತ್ ಶಿಲಾ ಸಮಾಧಿಗಳಲ್ಲಿ ಕತ್ತಿ, ಈಟಿ ಜಾಸ್ತಿ ಸಿಗುವುದಕ್ಕೆ ಒಂದು ಕಾರಣ, ಸತ್ತವರ ಜೊತೆ ಏನು ಇಡಬೇಕು ಅಂತ ಬದುಕಿದ್ದವರು ಆರಿಸಿದ್ದು. ಹಾಗಾಗಿ ಕೃಷಿಗೆ ಕಬ್ಬಿಣ ಎಷ್ಟು ಬಳಸಿದರು ಅಂತ ತಿಳಿಯಲು ಸಮಾಧಿಗಿಂತ ಮನೆ, ಹೊಲದ ಪಕ್ಕದ ಕಸದ ಗುಂಡಿ, ಕಿಟ್ಟದ ರಾಶಿಗಳೇ ಹೆಚ್ಚು ನಂಬಿಕೆಗೆ ಅರ್ಹ.