ಅಂಟು ಹಾಕಿದ ಎರಡು ಹಾಳೆ

ಕುಂಬಳೆ ಕಡೆಯ ಒಂದು ಮನೆ. ಗಂಡನಿಗೆ 48 ವರ್ಷ, ಕುಡಿತದಿಂದ ಲಿವರ್ ಸಿರೋಸಿಸ್. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಲಿವರ್ ಕಸಿಗೆ ಯಾಕೆ ಕಾಯಿಸುತ್ತಾರೆ ಎಂಬ ಪ್ರಶ್ನೆ ಹೊತ್ತು ಬರುವ ಮನೆಯವರು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಲಿವರ್ ಕಸಿ ಬೇಕಾಗಬಹುದು ಎಂದಿದ್ದರು. ಅದಕ್ಕೆ ಮೊದಲು ಕುಡಿತ ಪೂರ್ತಿ ಬಿಟ್ಟು ಆರು ತಿಂಗಳು ತೋರಿಸಿ ಎಂದೂ ಹೇಳಿದ್ದರು. ರೋಗಿಯ ಅಣ್ಣನಿಗೆ ಅದು ತಡೆಯಲಾಗದ ಸಿಟ್ಟು. "ಮಗ ಲಿವರ್ ಕೊಡ್ಲಿಕ್ಕೆ ರೆಡಿ ಇದ್ದಾನೆ. ತೋಟ ಅಡವಿಟ್ಟು ದುಡ್ಡು ಹೊಂದಿಸ್ತೇವೆ. ಮತ್ತೆ ಯಾಕೆ ಕಾಯಿಸುವುದು ಮೇಡಂ? ಕುಡಿದದ್ದಕ್ಕೆ ಶಿಕ್ಷೆಯಾ?"

ಶಿಕ್ಷೆ ಅಲ್ಲ ಎಂದು ಹೇಳಿದೆ. ಅವರು ನಂಬಲಿಲ್ಲ. ನಂಬಿಸಿದ್ದು ನನ್ನ ಮಾತಲ್ಲ, ರೋಗಿಯ ಹೆಂಡತಿಯ ನೋಟ್‌ಬುಕ್.

ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದುದರಿಂದ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಲು ಹೇಳಿದ್ದರು. ಶಾಲೆಯ ಗೀಟಿನ ಪುಸ್ತಕ. ತೂಕ ನೀಲಿ ಪೆನ್ನಿನಲ್ಲಿ, ಸೂಜಿ ಹಾಕಿ ನೀರು ತೆಗೆದ ದಿನ ಕೆಂಪಿನಲ್ಲಿ. ಶುರುವಿನಲ್ಲಿ ಹತ್ತು ದಿನಕ್ಕೊಮ್ಮೆ ಕೆಂಪು ಗೆರೆ. ಕುಡಿತ ಬಿಟ್ಟು ಎರಡು ತಿಂಗಳಾಗುವಾಗ ಮೂರು ವಾರಕ್ಕೊಮ್ಮೆ. ಆಮೇಲೆ ಎರಡು ಹಾಳೆ ಗೋಂದು ಹಾಕಿ ಅಂಟಿಸಿತ್ತು. ಅದರ ಮುಂದಿನ ಪುಟದಲ್ಲಿ ಮತ್ತೆ ಹತ್ತು ದಿನಕ್ಕೊಂದು ಕೆಂಪು ಗೆರೆ.

"ಇದು ಯಾಕಮ್ಮ ಅಂಟಿದೆ?" ಎಂದು ಕೇಳಿದೆ.

ಆಕೆ ಭಾವನ ಮುಖ ನೋಡಿ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಆ ದಿನಗಳಲ್ಲಿ ಇವರು ರಾತ್ರಿ ಕುಡಿದಿದ್ದಾರೆ. ಹನ್ನೊಂದು ಸಲ. ಸುಳ್ಳು ಬರೆಯಲಿಕ್ಕೆ ಮನಸ್ಸು ಬರಲಿಲ್ಲ. ಆದ್ರೆ ಡಾಕ್ಟ್ರು ನೋಡಿದ್ರೆ ಆಪರೇಷನ್ ಮಾಡುವುದಿಲ್ಲ ಅಂತಾರಲ್ವಾ?"

ಆ ಪುಸ್ತಕ ಮೇಜಿನ ಮೇಲಿಟ್ಟು ಮೂವರೂ ನೋಡಿದೆವು. ಕಾಯಿಸುವ ಮೊದಲ ಕಾರಣ ಅಲ್ಲೇ ಇತ್ತು. ಕುಡಿತ ನಿಂತರೆ ಲಿವರಿನ ಉರಿಯೂತ ಇಳಿಯುತ್ತದೆ, ಅದಕ್ಕೆ ಹೋಗುವ ರಕ್ತನಾಳದ ಒತ್ತಡವೂ ಕಡಿಮೆಯಾಗುತ್ತದೆ. ಕೆಲವರಿಗೆ ಮೂರು ತಿಂಗಳಲ್ಲೇ ನೀರು, ಕಾಮಾಲೆ ಇಳಿದು ಕಸಿಯೇ ಬೇಡವಾಗುತ್ತದೆ. ಕಾಯದೆ ಆಪರೇಷನ್ ಮಾಡಿದರೆ ಅದು ಗೊತ್ತಾಗುವುದೇ ಇಲ್ಲ. ಮಗನ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆಯಬೇಕಾಗಬಹುದು. ಅದು ಮತ್ತೆ ಬೆಳೆಯುತ್ತದೆ ನಿಜ, ಆದರೆ ಆರೋಗ್ಯವಂತ ಹುಡುಗನ ಜೀವಕ್ಕೆ ಸಣ್ಣ ಅಪಾಯ ಇದ್ದೇ ಇದೆ. ಬೇಡದ ಕಡೆ ಆ ಅಪಾಯ ಯಾಕೆ?

ಎರಡನೆಯದು, ಕಸಿಯ ನಂತರದ ಬದುಕು. ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ಜೀವನಪೂರ್ತಿ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಬೇಕು. ಕುಡಿತಕ್ಕೆ ಮರಳಿದವರಿಗೆ ಮಾತ್ರೆ ತಪ್ಪಬಹುದು. ಜೋರಾಗಿ ಕುಡಿದರೆ ಹೊಸ ಲಿವರ್ ಕೂಡ ಕೆಲವೇ ವರ್ಷಗಳಲ್ಲಿ ಗಟ್ಟಿಯಾಗಬಹುದು. ಕಾಯುವ ತಿಂಗಳುಗಳಲ್ಲಿ ಕಸಿ ಮಾಡುವ ತಂಡ ನೋಡುವುದು ಇದನ್ನೇ: ಚಟದ ಚಿಕಿತ್ಸೆಗೆ ಬರುತ್ತಾರಾ, ಜಾರಿದಾಗ ಹೇಳುತ್ತಾರಾ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಾ.

ಆರು ತಿಂಗಳು ಎಂಬ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ, ಇದನ್ನೂ ಅಣ್ಣನಿಗೆ ಹೇಳಿದೆ. ಅಷ್ಟು ದಿನ ಬದುಕುವುದೇ ಕಷ್ಟ ಎನ್ನುವ ರೋಗಿಗಳಲ್ಲಿ ಕೆಲವರನ್ನು ಆರಿಸಿ ಬೇಗ ಕಸಿ ಮಾಡಿದ ಫ್ರಾನ್ಸಿನ ಅಧ್ಯಯನ 2011ರಲ್ಲಿ ಬಂತು. ಅವರಲ್ಲಿ ಹೆಚ್ಚಿನವರು ಉಳಿದರು. ಹಾಗಾಗಿ "ನಮ್ಮವರಿಗೆ ಕಾಯುವಷ್ಟು ಸಮಯ ಇದೆಯಾ?" ಎಂದು ಡಾಕ್ಟರನ್ನು ನೇರವಾಗಿ ಕೇಳಿ. ರಕ್ತ ವಾಂತಿ, ಕಪ್ಪು ಮಲ, ಮಂಪರು, ಗೊಂದಲದ ಮಾತು, ಜ್ವರದ ಜೊತೆ ಹೊಟ್ಟೆನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಆಮೇಲೆ ಹೆಂಡತಿಗೆ, ಹಾಳೆ ಬಿಡಿಸಿ ಡಾಕ್ಟರಿಗೆ ತೋರಿಸಿ ಎಂದೆ. ಅಣ್ಣನಿಗೆ ನನ್ನ ಮೇಲೆ ಕೋಪ ಬಂತು. ನನಗೂ ಅಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ಹೇಳಿದ್ದರಿಂದ ಕಸಿ ತಡವಾದರೆ ಎಂಬ ಭಯ. ಆದರೂ ಆ ಸಲಹೆಯನ್ನು ಇಂದಿಗೂ ಬದಲಿಸುವುದಿಲ್ಲ. ಪೆಥ್ ಎಂಬ ರಕ್ತಪರೀಕ್ಷೆ ಹಿಂದಿನ ಎರಡರಿಂದ ನಾಲ್ಕು ವಾರಗಳ ಕುಡಿತವನ್ನು ತೋರಿಸಿಬಿಡುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಂಡಕ್ಕೆ ಮನೆಯವರ ಯಾವ ಮಾತನ್ನೂ ನಂಬಲಿಕ್ಕೆ ಆಗುವುದಿಲ್ಲ. ಮೊದಲೇ ಹೇಳಿದರೆ ಜಾರಿದ್ದಕ್ಕೆ ಚಿಕಿತ್ಸೆ ಕೊಡಬಹುದು. ಕಳ್ಳು ಮದ್ದು ಎನ್ನುವವರಿಗೂ, ಅರಿಷ್ಟ ಕುಡಿದರೆ ಏನಾಗುತ್ತದೆ ಎನ್ನುವವರಿಗೂ ಒಂದೇ ಮಾತು: ಎರಡರಲ್ಲೂ ಆಲ್ಕೋಹಾಲ್ ಇದೆ. ಊಟದಲ್ಲಿ ಗುಟ್ಟಾಗಿ ಕುಡಿತ ಬಿಡಿಸುವ ಪುಡಿ ಬೆರೆಸಲೇಬೇಡಿ. ಅಂಥ ಮದ್ದುಗಳಲ್ಲಿ ಕೆಲವು ಕೆಟ್ಟ ಲಿವರಿಗೆ ವಿಷವೇ ಆಗಬಹುದು.

ಮುಂದಿನ ವಾರ ಆಕೆ ನೀರಿನ ಹನಿ ಹಚ್ಚಿ ಹಾಳೆ ಬಿಡಿಸಿಕೊಂಡು ಹೋಗಿದ್ದರು. ಸ್ವಲ್ಪ ಹರಿದಿತ್ತು. ಡಾಕ್ಟರು ಹನ್ನೊಂದು ದಿನಗಳ ಮೇಲೂ ಬೆರಳಿಟ್ಟು ಓದಿ, ಗಂಡನನ್ನು ಚಟದ ಚಿಕಿತ್ಸೆಯ ವಿಭಾಗಕ್ಕೆ ಕಳಿಸಿದರು. ಕಸಿಯ ಪಟ್ಟಿಯಿಂದ ಹೆಸರು ತೆಗೆಯಲಿಲ್ಲ. ಆರು ತಿಂಗಳ ಲೆಕ್ಕ ಮಾತ್ರ ಅಂದಿನಿಂದ ಹೊಸದಾಗಿ ಶುರುವಾಯಿತು.